ಕುಬಸದ ಶೇಂಗಾ

ಬೆಳಗಾವಿ ಮಳಿ ಭಾಳ ಚಂದ ಅಂತ ನನ್ನ ಮುಂದ ಯಾರೂ ಹೊಗಳಬ್ಯಾಡ್ರಿ. ಹೊಗಳವ್ರು ಯಾರೂ ಹಿಟ್ಟಿನ ಡಬ್ಬಿ ಕಾಯ್ದವ್ರಲ್ಲ. ಮಿರಗದ ಮಳಿ ಹೊಕ್ಕಿತಂದ್ರ ಈ ಊರಾಗ ಉಪ್ಪು ನೀರೊಡೀತೈತಿ, ಖಾರಪುಡಿ ಗಂಟಾಗತೈತಿ, ಪೆಟ್ಟಿಗ್ಯಾಗಿನ ಸೀರಿ ಸುದ್ದಾ ಮುಗ್ಗಲ ವಾಸನಿ ಹೊಡೀತೈತಿ. ಆದ್ರೂ ಖರೇ ಹೇಳ್ತೀನಿ, ಮಳಿಗಾಲ ಬಂದಾಗೊಮ್ಮೆ ನನಗ ಅಳು ಬರೂವಷ್ಟು ನೆನಪಾಗೂದು ಎರಡು ಸಾವಿರದ ಇಸವಿ ಆ ಶ್ರಾವಣ. ಆವಾಗ ನಮ್ಮ ಅತ್ತಿ ಫಕೀರವ್ವ ಇದ್ದಳು, ಮನಿ ಮಾಲಕರ ಕಾಂತಕ್ಕನೂ ಇದ್ದಳು. ಇಬ್ಬರೂ ಈಗಿಲ್ಲ. ಅವರಿಬ್ಬರ ನಡುವ ಸಿಕ್ಕೊಂಡು ಒದ್ದಾಡಿದಾಕಿ ನಾ ಒಬ್ಬಾಕಿ ಉಳದೀನಿ.

ನಾವಿದ್ದದ್ದು ಶಹಾಪುರದಾಗ. ಮುಂದ ಅಜಿತಕುಮಾರ ಅಣ್ಣಾರ ಕಿರಾಣಿ ಅಂಗಡಿ, ಅದರ ಹಿಂದ ಅವರ ಮನಿ, ಅದರ ಹಿಂದ ಪ್ಯಾರಲ ಗಿಡದ ಹಿತ್ತಲ, ಹಿತ್ತಲದಾಗ ನಮ್ಮ ಎರಡು ಖೋಲಿ. ನನ್ನ ಗಂಡ ಶಿವಲಿಂಗ ಉದ್ಯಮಬಾಗದ ಒಂದು ಫೌಂಡ್ರಿಯೊಳಗ ಇದ್ದ. ಸಂಜಿಕ ಮನಿಗಿ ಬಂದ್ರ ಮಾರಿ ಕರ್ರಗ, ಹಲ್ಲು ಅಷ್ಟ ಬೆಳ್ಳಗ. ಅತ್ತಿ ಮಾತ್ರ ದೇಸೂರ ಬಾಜೂಕಿನ ನಮ್ಮ ಹಳ್ಳಿ ಬಿಟ್ಟು ಬಂದಿದ್ದಿಲ್ಲ. ಕುರಿ, ಒಂದು ಎಮ್ಮಿ, ಒಂದಿಷ್ಟು ಹೊಲ ನೋಡ್ಕೊಂಡು ಅಲ್ಲೇ ಇದ್ದಳು. ಬೇಕಂದಾಗ ರೈಲು ಹತ್ತಿ ಬರೋದು, ಗಂಟು ಬಿಚ್ಚೋದು, ನನ್ನ ಬೈಯೋದು, ಹೋಗೋದು.

ಅಣ್ಣಾರ ಹೆಂಡತಿ ಕಾಂತಕ್ಕ ಜೈನರಾಕಿ. ಚಾತುರ್ಮಾಸ ಬಂತಂದ್ರ ಆಕಿ ಅಡಗಿ ಮನಿ ನೋಡಾಕ ಎರಡು ಕಣ್ಣು ಸಾಲಂಗಿಲ್ಲ. ಹೊತ್ತು ಮುಳುಗೂದರೊಳಗ ಊಟ, ಬಳ್ಳೊಳ್ಳಿ ಇಲ್ಲ, ಉಳ್ಳಾಗಡ್ಡಿ ಇಲ್ಲ. ಬೀಸಿದ ಹಿಟ್ಟು ಮಳಿಗಾಲದಾಗ ಮೂರ ದಿನ, ಅದರ ಮ್ಯಾಲ ಮುಟ್ಟಂಗಿಲ್ಲ. ಚಳಿಗಾಲದಾಗ ಅದಕ್ಕ ವಾರದ ತನಕ ಸವಲತ್ತು ಇತ್ತು. ಶೇಂಗಾ ತಿನ್ನಬೇಕಂದ್ರ ಕಾಯಿ ಆಗಿಂದಾಗ ಸುಲಿಯೋದು, ಪ್ರತಿ ಕಾಳು ಎರಡು ಬ್ಯಾಳಿ ಮಾಡಿ ಒಳಗ ಹುಳಾ ಐತೇನು ಅಂತ ನೋಡೋದು. ನಾ ಹೊಸದಾಗಿ ಬಂದಾಗ ಬಾಯಿ ಮ್ಯಾಲ ಸೆರಗು ಹಿಡಕೊಂಡು ನಕ್ಕಿದ್ದೆ. ಒಂದು ಹಿಡಿ ಶೇಂಗಾ ತಿನ್ನಾಕ ಅರ್ಧ ಮಧ್ಯಾಹ್ನ ಬೇಕೇನ್ರಿ ಅಕ್ಕಾ ಅಂತ ಕೇಳಿದ್ದೆ.

ಆಕಿ ಸಿಟ್ಟಾಗಲಿಲ್ಲ. "ನಗು, ನಗು. ನಿನ್ನ ಹಿಟ್ಟಿನ ಡಬ್ಬಿ ಮುಚ್ಚಳ ತಗಿ ನೋಡೂಣು" ಅಂದಳು. ತಗದರ ಮ್ಯಾಲಿನ ಹಿಟ್ಟು ಹೆಪ್ಪುಗಟ್ಟೇತಿ, ಮುಚ್ಚಳದ ಒಳಗ ನೀರಿನ ಹನಿ. ಗಿರಣ್ಯಾಗಿಂದ ಬಿಸಿ ಬಿಸಿ ತಂದು ಹಂಗ ಮುಚ್ಚಿದ್ದೆ. "ಬಿಸಿ ಹಿಟ್ಟು ಬೆವರತೈತಿ ತಂಗಿ. ಅರಿವಿ ಮ್ಯಾಲ ಹರವಿ ಆರಿಸಿ ಆಮ್ಯಾಲೆ ತುಂಬು. ಒಮ್ಮೆಲೇ ಅಷ್ಟು ಬೀಸಿಸಬ್ಯಾಡ, ಗೋದಿ ಇರಲಿ, ಹಿಟ್ಟು ಸ್ವಲ್ಪ ಇರಲಿ" ಅಂದಳು. ಆವತ್ತಿನಿಂದ ನಾ ಆಕಿ ಶಿಷ್ಯಳಾದೆ. ಒಣ ಮೆಣಸಿನಕಾಯಿ ತೊಟ್ಟು ಮುರೀದ ಇಡೋದು, ಬಿಸಲು ಬಿದ್ದ ಗಳಿಗಿ ಹೊರಗ ಹರವೋದು, ಚೀಲ ಗ್ವಾಡಿಗಿ ತಾಗಿಸದ ಹಲಗಿ ಮ್ಯಾಲ ಇಡೋದು, ಡಬ್ಬಿಗಿ ಹಸಿ ಚಮಚ ಹಾಕದ ಇರೋದು, ಎಲ್ಲಾ ಆಕಿ ಹತ್ರ ಕಲತದ್ದು.

ಇದು ನಮ್ಮ ಅತ್ತಿಗಿ ಗೊತ್ತಾದ್ರ ನನ್ನ ಕತಿ ಮುಗದಂಗ. ಯಾಕಂದ್ರ ಕಾಳು ಕಾಯೋದ್ರಾಗ ತನ್ನ ಬಿಟ್ಟರ ಇಲ್ಲ ಅನ್ನೂ ಗರ್ವ ಆಕಿದು. ಗರ್ವಕ್ಕ ಕಾರಣನೂ ಇತ್ತು ಅನ್ರಿ. ಆಕಿ ಹೊಲದ ಶೇಂಗಾ ದೀಪಾವಳಿಗಿ ಕಿತ್ತರ ಅಂಗಳದಾಗ ಗಲಗಲ ಅನ್ನೂತನಕ ಒಣಗಿಸ್ತಿದ್ದಳು. ಒಂದು ಕಾಯಿ ಕಿವಿ ಹತ್ರ ಹಿಡದು ಅಳ್ಳಾಡಿಸಿ, ಒಳಗ ಕಾಳು ಮಾತಾಡಿದರ ಮಾತ್ರ ಚೀಲಕ್ಕ. ಪ್ರತಿ ದೀಪಾವಳಿಗಿ ಅದರಾಗಿನ ಒಂದು ಸಣ್ಣ ಚೀಲ ಕಾಂತಕ್ಕಗ ತರ್ತಿದ್ದಳು. "ನೀವು ಸುಲದದ್ದು ತಿನ್ನೂದಿಲ್ಲಂತ ಕಾಯಿನ ತಂದೀನಿ ಕಾಂತವ್ವ" ಅಂತ ಕೊಟ್ಟು, ನಮ್ಮ ಖೋಲಿಗಿ ಬಂದು, "ಪಾಪ, ದಿನಾ ಸುಲಕೋತ ಕುಂದರತೈತಿ, ಬ್ಯಾರೆ ಕೆಲಸ ಇಲ್ಲ" ಅಂತ ನಗ್ತಿದ್ದಳು.

ಆ ವರ್ಷ ಆಕಿ ಜೀವ ಎಲ್ಲಾ ನೀಲಾನ ಮ್ಯಾಲ. ನೀಲಾ ನನ್ನ ನಾದಿನಿ, ಖಾನಾಪುರಕ್ಕ ಕೊಟ್ಟಿದ್ದಿವಿ. ಎರಡು ಸಲ ಬಸರು ನಿಂತು ಹೋಗಿತ್ತು. ಮೂರನೇದು ಏಳು ತಿಂಗಳಿಗಿ ಬಂದಿತ್ತು, ಶ್ರಾವಣದಾಗ ಕುಬಸ. ಕುಬಸಕ್ಕ ತವರಮನಿ ಬುತ್ತಿ ಹೋಗಬೇಕು, ಶೇಂಗಾ ಹೋಳಿಗಿ, ಶೇಂಗಾ ಉಂಡಿ, ಚಟ್ನಿ, ರೊಟ್ಟಿ. ಅತ್ತಿ ಶಪಥ ಮಾಡಿದ್ದಳು, "ಅಂಗಡಿದು ಒಂದು ಕಾಳು ಕೂಡಂಗಿಲ್ಲ. ನನ್ನ ಹೊಲದ್ದು, ನನ್ನ ಕೈಯಾಗಿಂದ್ದ ಆಕಿ ಹೊಟ್ಟಿಗಿ ಹೋಗಬೇಕು" ಅಂತ. ಹಿಂದಿನ ಸಲ ಏನೋ ಕೊರತಿ ಮಾಡಿದ್ದೆ ಅಂತ ತನ್ನಷ್ಟಕ್ಕ ತಾನ ಅನ್ಕೊಂಡು ಕುಂತಿದ್ದಳು. ಯಾರು ಏನು ಹೇಳಿದರೂ ಆ ಮುಳ್ಳು ಆಕಿ ಎದ್ಯಾಗಿಂದ ಹೋಗಿದ್ದಿಲ್ಲ.

ಕುಬಸ ಹತ್ರ ಬಂದಾಗ ಅತ್ತಿ ಬಂದಳು. ತಲಿ ಮ್ಯಾಲ ಗೊಂಗಡಿ, ಕಂಕುಳಾಗ ದಪ್ಪ ಪ್ಲಾಸ್ಟಿಕ್ ಚೀಲ, ಬಾಯಿಗಿ ಹಗ್ಗ ಬಿಗದು ಕಟ್ಟಿದ್ದು. ಬಿಚ್ಚಿದಳು. ಗುಂಡ ಗುಂಡನ ಕಾಳು, ಒಂದೂ ಒಡದಿಲ್ಲ. ಖರೇನ ನೋಡಾಕ ಚಂದ ಇದ್ದವು.

"ಹೆಂಗ ಸುಲದೀರಿ ಅತ್ತಿ, ಒಂದೂ ಮುರೀದಂಗ?" ಅಂದೆ.

"ನೀರು ಚಿಮಕಿಸಿ ಮ್ಯಾಲ ಹಸಿ ಗೋಣಿತಟ್ಟು ಹೊಚ್ಚಿ ಇಟ್ಟಿದ್ದೆ. ಸಿಪ್ಪಿ ಮೆತ್ತಗಾತು. ನೀಲಾನ ಉಂಡಿಗಿ ಮುರಕ ಕಾಳು ಯಾಕ ಹಾಕಬೇಕು?" ಅಂದಳು. ಭತ್ತದ ಕೆಲಸ ಸುರುವಾದ್ರ ಸುಲಿಯಾಕ ಪುರಸೊತ್ತು ಸಿಗೂದಿಲ್ಲಂತ ಮಿರಗದಾಗ ಸುಲದು, ಗಾಳಿ ಹತ್ತಬಾರದಂತ ಪ್ಲಾಸ್ಟಿಕ್‌ನ್ಯಾಗ ಬಿಗದಿದ್ದಳು. ಕಾಯಿ ಇದ್ದಾಗ ಅಷ್ಟು ಶಿಸ್ತು ಮಾಡಾಕಿ, ಕಾಳು ಮಾಡೂ ಮುಂದ ಮಗಳ ಮೋಹಕ್ಕ ಬಿದ್ದಿದ್ದಳು. ಸುಲದ ಮ್ಯಾಲ ಮತ್ತ ಒಣಗಿಸಬೇಕಿತ್ತು, ಆದ್ರ ಆ ಮಳ್ಯಾಗ ಬಿಸಲು ಎಲ್ಲಿಂದ ತರೋದು?

ನಾ ಮೂಗು ಹತ್ರ ಒಯ್ದೆ. "ಅತ್ತಿ, ಸ್ವಲ್ಪ ಮುಗ್ಗಲ ವಾಸನಿ ಬರ್ತೈತಿ ಅಲ್ರಿ?"

"ನಿನ್ನ ಮೂಗಿಗಿ ಎಲ್ಲಾ ವಾಸನಿನ. ಪ್ಯಾಟಿ ಮೂಗು ಅದು. ಹುರದರ ಘಮ್ ಅಂತೈತಿ, ಒಲಿ ಹಚ್ಚು" ಅಂದಳು. ಅಲ್ಲೊಂದು ಇಲ್ಲೊಂದು ಸುಕ್ಕಿದ್ದು, ಬಣ್ಣ ಕೆಟ್ಟದ್ದು ಕಂಡವು, ಆರಿಸಿ ಒಗದೆ. ಮೊದಲು ಚಟ್ನಿ ಮಾಡೂಣು ಅಂತ ಒಂದಿಷ್ಟು ಹುರದಿವಿ. ಒಳಕಲ್ಲಾಗ ಖಾರ, ಜೀರಗಿ, ಉಪ್ಪು, ಬಳ್ಳೊಳ್ಳಿ ಹಾಕಿ ಕುಟ್ಟಿದರ ಮನಿ ತುಂಬ ವಾಸನಿ. ಅತ್ತಿ ಬೊಟ್ಟಿಲೆ ನೆಕ್ಕಿ, ನನಗೂ ನೆಕ್ಕಿಸಿ, "ಹೇಳು ಈಗ, ಏನು ಕೆಟ್ಟೇತಿ?" ಅಂದಳು. ನನಗೂ ಏನೂ ಕಾಣಲಿಲ್ಲ. ಬಳ್ಳೊಳ್ಳಿ ಮುಂದ ಯಾವ ರುಚಿ ನಿಲ್ಲತೈತಿ ಹೇಳ್ರಿ?

ಕಾಂತಕ್ಕಗ ಅಂತ ಬಳ್ಳೊಳ್ಳಿ ಇಲ್ಲದ ಒಂದು ಮುಷ್ಟಿ ಚಟ್ನಿ ಯಾವಾಗಲೂ ಮೊದಲ ತಗದಿಡ್ತಿದ್ದೆ. ಚಟ್ನಿಪುಡಿಗಿ ಆಕಿ ನಮ್ಮ ಮನಿ, ನಿಮ್ಮ ಮನಿ ಅಂತಿದ್ದಿಲ್ಲ. ಹೊತ್ತು ಇನ್ನೂ ಇತ್ತು, ಆಕಿ ಊಟಕ್ಕ ಕುಂದರೂ ಮುಂದ ಒಯ್ದು ಕೊಟ್ಟೆ. ಇವೂ ಆಗಿಂದಾಗ ಸುಲದ ಕಾಳ ಅಂತ ತಿಳದು ಚೂರು ಬಾಯಿಗಿ ಹಾಕೊಂಡಳು. ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದಳು. ಮಾರಿ ಮ್ಯಾಲ ಒಂದು ನಮೂನಿ ಭಯ.

"ಪ್ರಮಿಳಾ, ಕನರು ಐತಿ. ಹುರೀಲಾರದ ಕಾಳು ತಗೊಂಡ ಬಾ" ಅಂದಳು.

ಒಂದು ಹಿಡಿ ತಂದುಕೊಟ್ಟೆ. ಆಕಿ ತನ್ನ ಪದ್ಧತಿ ಪ್ರಕಾರ ಕುಂತು ಕಾಳು ಎರಡು ಬ್ಯಾಳಿ ಮಾಡಿದಳು. ಮ್ಯಾಲೆ ಕೆಂಪಗ, ಗುಂಡಗ, ಚಂದ. ಒಳಗ ಬ್ಯಾಳಿ ನಡುವ ಬೂದಿಬಣ್ಣದ ಬೂಸ್ಟು, ಕೆಲವಕ್ಕ ಹಸರ ಜಂಗು. ಇನ್ನೊಂದು ಒಡದಳು, ಅದೂ ಹಂಗ. ಮತ್ತೊಂದು ಬಿಳಿ ಇತ್ತು. ಮತ್ತೊಂದು ಹಸರ. ಬಸರಿ ಹೆಂಗಸಿನ ಬುತ್ತಿ ಅದು.

ಅಜಿತಣ್ಣಾರನ್ನ ಅಂಗಡ್ಯಾಗಿಂದ ಕರದಿವಿ. ಅವರು ಕಾಳು ನೋಡಿ ಕನ್ನಡಕ ತಗದರು. "ಇದರಾಗ ಅಫ್ಲಾಟಾಕ್ಸಿನ್ ಅಂತ ಒಂದು ವಿಷ ಆಗತೈತ್ರಿ. ಹಸಿ, ಕಾವು ಎರಡೂ ಕೂಡಿದಲ್ಲಿ ಬೆಳಿಯೂ ಬೂಸ್ಟು ಮಾಡೂ ವಿಷ. ಪರದೇಶಕ್ಕ ಹೋದ ಶೇಂಗಾ ಇದರ ಸಲುವಾಗಿ ತಿರುಗಿ ಬರತಾವು. ಲಿವರಿಗೆ ಕೆಟ್ಟ" ಅಂದ್ರು. ನೆಕ್ಕಿದ್ದಕ್ಕ ಏನಾದರೂ ಆಗತೈತೇನ್ರಿ ಅಂತ ನಾ ಗಾಬರ್ಯಾಗಿ ಕೇಳಿದೆ. "ಒಂದು ಬೊಟ್ಟಿಗಿ ಅಂಜಬ್ಯಾಡ. ಆದ್ರ ಇನ್ನ ಮುಂದ ಒಂದು ಕಾಳೂ ಬ್ಯಾಡ, ನೀಲಾಗಂತೂ ಬ್ಯಾಡೇ ಬ್ಯಾಡ" ಅಂದ್ರು.

ಅಷ್ಟೊತ್ತಿಗಿ ಅತ್ತಿ ಬಂದು ಬಾಗಲಾಗ ನಿಂತಿದ್ದಳು. ಎಲ್ಲಾ ಕೇಳಿದ್ದಳು.

"ಹುರದರ ಹೋಗತೈತಿ" ಅಂದಳು.

"ಹುರದರ ಬೂಸ್ಟು ಸಾಯತೈತ್ರಿ, ವಿಷ ಸಾಯೂದಿಲ್ಲ. ಒಂದಿಷ್ಟು ಕಡಿಮಿ ಆದೀತು, ಪೂರಾ ಹೋಗೂದಿಲ್ಲ" ಅಂದ್ರು ಅಣ್ಣಾರು.

"ಹಂಗಾದ್ರ ಎಮ್ಮಿಗಿ ಹಾಕ್ತೀನಿ."

"ಎಮ್ಮಿ ಹಾಲಿನಾಗ ಬರತೈತ್ರಿ ಅದು."

ಅತ್ತಿ ಮಾರಿ ಕೆಂಪಗಾತು. "ತಿಳೀತು ಬಿಡ್ರಿ. ನನ್ನ ಶೇಂಗಾ ತಿಪ್ಪಿಗಿ ಹೋಗಬೇಕು, ನಿಮ್ಮ ಅಂಗಡಿ ಶೇಂಗಾ ನನ್ನ ಮಗಳ ಬುತ್ತಿಗಿ ಹೋಗಬೇಕು. ಅದಕ್ಕ ಗಂಡ ಹೆಂಡತಿ ಕೂಡಿ ಇಷ್ಟು ಪುರಾಣ ಹೇಳಾಕತ್ತೀರಿ" ಅಂದಳು. ನನಗ ಭೂಮಿ ಬಾಯಿ ಬಿಟ್ಟರ ಚಲೋ ಅನಿಸ್ತು. ಅಣ್ಣಾರು ಕನ್ನಡಕ ಹಾಕ್ಕೊಂಡು ಅಂಗಡಿಗಿ ಹೋದರು. ಆವತ್ತು ನಮ್ಮ ಖೋಲ್ಯಾಗ ಯಾರೂ ನೆಟ್ಟಗ ಉಣ್ಣಲಿಲ್ಲ, ಶಿವಲಿಂಗ ಅವ್ವನ ಮಾರಿ, ನನ್ನ ಮಾರಿ ಪಾಳಿ ಹಚ್ಚಿ ನೋಡಿ ಮಲಗಿಬಿಟ್ಟ.

ಮರುದಿನ ಮುಂಜಾನೆ ನಾ ಎದ್ದು ಬಂದ್ರ ಅತ್ತಿ ಪಡಸಾಲ್ಯಾಗ ಚೀಲ ಹರವಿಕೊಂಡು ಕುಂತಾಳ. ಕಾಳು ತಗೊಂಡು ಕಾಂತಕ್ಕನಂಗ ಎರಡು ಬ್ಯಾಳಿ ಮಾಡಾಕತ್ಯಾಳ. ಬಿಳೇವು ಒಂದು ಕಡಿ, ಹಸರ ಹತ್ತಿದ್ದು ಒಂದು ಕಡಿ. ಬೈಗಳ ಇಲ್ಲ. ಬೈಯದ ಇರೂ ನಮ್ಮ ಅತ್ತಿನ್ನ ನಾ ಅಷ್ಟು ವರ್ಷದಾಗ ಮೊದಲನೇ ಸಲ ನೋಡಿದ್ದು. ಹತ್ರ ಕುಂತು ನಾನೂ ಒಡಿಯಾಕ ಹತ್ತಿದೆ. ಹಸರ ಗುಡ್ಡಿ ದೊಡ್ಡದಾಗಕೋತ ಹೋತು.

ಅಣ್ಣಾರು ಅಂಗಡಿ ತಗಿಯಾಕ ಹೊಂಟಾಗ ಅತ್ತಿ ತಾನಾಗೇ ಅವರನ್ನ ಕರದಳು. "ಅಣ್ಣಾರ, ಬಿಳೇವು ಇಷ್ಟು ಅದಾವು. ಇವನ್ನಷ್ಟ ತಗೊಂಡ್ರ?" ಅಂದಳು. ದನಿ ಸಣ್ಣದಾಗಿತ್ತು.

ಅಣ್ಣಾರು ಆಕಿ ಮುಂದ ಕುಕ್ಕರಗಾಲಿಲೆ ಕುಂತರು. "ಫಕೀರವ್ವಾರ, ಒಂದೆರಡು ಕಾಳು ಕೆಟ್ಟಿದ್ರ ಆರಿಸಿ ಒಗದು ಉಳದದ್ದು ತಿನ್ರಿ ಅಂತಿದ್ದೆ. ಇದು ಇಡೀ ಚೀಲ ಬೆವತು ಕುಂತೈತಿ. ವಿಷ ಕಣ್ಣಿಗಿ ಕಾಣೂದಿಲ್ಲ. ನನ್ನ ಮಗಳಾಗಿದ್ರ ನಾ ಕೊಡ್ತಿದ್ದಿಲ್ಲ" ಅಂದ್ರು.

ಅತ್ತಿ ಕೈಯಾಗಿನ ಬಿಳಿ ಬ್ಯಾಳಿ ನೋಡಿದಳು. ಆಮ್ಯಾಲೆ ಬಿಳಿ ಗುಡ್ಡಿನೂ ಹಸರ ಗುಡ್ಡಿನೂ ತಾನ ಕೂಡಿಸಿ, ಕುಟ್ಟಿದ ಚಟ್ನಿನೂ ತರಸಿ, ಕೋಳಿ ಕೆದರಬಾರದಂತ ಪ್ಯಾರಲ ಗಿಡದ ಬುಡಕ ಆಳ ಅಗದು, ಸುಣ್ಣ ಹಾಕಿ ಮುಚ್ಚಿದಳು. ಮಳಿ ಜಿಟಿಜಿಟಿ ಹತ್ತಿತ್ತು. ಸೆರಗಿಲೆ ಮಾರಿ ಒರಸಿಕೊಂಡಳು, ಮಳಿ ನೀರೋ ಕಣ್ಣೀರೋ ಅಂತ ನಾ ಕೇಳಲಿಲ್ಲ. "ನನ್ನ ಕೈಯಾರೆ ಕೊಡ್ತಿದ್ದೆನಲ್ಲ ಪ್ರಮಿ. ಉಂಡಿ ಕಟ್ಟಿ, ಬಾಯಾಗ ಇಟ್ಟು ಬರ್ತಿದ್ದೆನಲ್ಲ" ಅಂದಳು.

ಈಗ ಬುತ್ತಿಗಿ ಏನು? ಅಂಗಡಿ ಶೇಂಗಾ ತರೂಣು ಅಂದ್ರ, "ಅದು ಯಾವ ಚೀಲದಾಗ ಹೆಂಗ ಬೆವತೈತೋ ಯಾರಿಗಿ ಗೊತ್ತು" ಅಂದಳು. ಒಂದು ದಿನದ ಹಿಂದ ಹಟ ಆಗಿತ್ತು, ಈಗ ಅಂಜಿಕಿ ಆಗಿತ್ತು. "ಶೇಂಗಾ ಇಲ್ಲದ ಬುತ್ತಿ ಒಯ್ತೀನಿ. ತವರಮನಿ ಬರಿಗೈ ಅಂತ ಖಾನಾಪುರದವ್ರು ಅಂದ್ರ ಅನ್ನಲಿ, ನೀಲಾ ಮಾತ್ರ ಸಣ್ಣ ಮಾರಿ ಮಾಡ್ಕೋತಾಳ" ಅಂತ ಮೂಲ್ಯಾಗ ಕುಂತಳು.

ಆವಾಗ ಕಾಂತಕ್ಕನ ಮನ್ಯಾಗ ಅಟ್ಟದ ಮ್ಯಾಲ ಏನೋ ಎಳದಾಡಿದ ಸಪ್ಪಳ ಆತು. ಸ್ವಲ್ಪ ಹೊತ್ತಿಗಿ ಆಕಿ ತಲಿ ತುಂಬ ಜೇಡರಬಲಿ ಹಚ್ಚಿಕೊಂಡು, ಒಂದು ಸಣ್ಣ ತಟ್ಟಿನ ಚೀಲ ಎಳಕೋತ ನಮ್ಮ ಬಾಗಲಕ ಬಂದಳು. ಅತ್ತಿ ಮುಂದ ಕುಂತು ಒಂದು ಕಾಯಿ ತಗದು, ಅತ್ತಿ ಕಿವಿ ಹತ್ರ ಹಿಡದು ಅಳ್ಳಾಡಿಸಿದಳು. ಗಲ್ ಗಲ್ ಅಂತು.

"ಯಾರ ಹೊಲದ್ದು ಗುರುತು ಹತ್ತತೈತೇನ್ರಿ ಫಕೀರವ್ವಾರ?" ಅಂದಳು.

ಅತ್ತಿ ಕಾಯಿ ಕೈಯಾಗ ತಗೊಂಡಳು. ನಡು ಸಣ್ಣಗ, ಮೂತಿ ಚೂಪ, ಆಕಿ ಹೊಲದ ಕಾಯಿ ಆಕಿಗಿ ಗುರುತು ಸಿಗದ ಇರತೈತೇನು? ದೀಪಾವಳಿಗಿ ತಾನ ತಂದುಕೊಟ್ಟ ಚೀಲ ಅದು. ಕಾಂತಕ್ಕ ಅದನ್ನ ಒಲಿ ಮ್ಯಾಲಿನ ಅಟ್ಟದಾಗ, ಹಲಗಿ ಮ್ಯಾಲ, ಗ್ವಾಡಿ ಬಿಟ್ಟು ಇಟ್ಟಿದ್ದಳು. ಬೇಕಾದಾಗ ಒಂದು ಹಿಡಿ ಮಾತ್ರ ತಗದು ಸುಲೀತಿದ್ದಳು. ಕೆಳಗಿನ ಒಲಿ ಕಾವು ದಿನಾ ತಾಗಿ ಅಷ್ಟು ಮಳ್ಯಾಗೂ ಕಾಯಿ ಟಣಟಣ ಅಂತಿದ್ದವು.

"ನಾ ನಿಮಗ ಅನಬಾರದ್ದು ಅಂದೆ ಕಾಂತವ್ವ" ಅಂದಳು ಅತ್ತಿ.

"ಅಂದ್ರಿ. ಅದಕ್ಕ ಈಗ ಎಲ್ಲಾ ನೀವ ಸುಲೀರಿ" ಅಂದಳು ಕಾಂತಕ್ಕ. ಅಂದು, ತಾನ ಮೊದಲನೇ ಕಾಯಿ ಒಡದಳು.

ಮೂವರೂ ಕುಂತು ಒಣ ಕಾಯಿ ಸುಲದಿವಿ. ಹನಿ ನೀರು ಮುಟ್ಟಿಸಲಿಲ್ಲ. ಉಗುರ ಸಂದ್ಯಾಗ ನೋವು ಬಂತು, ಕಾಳು ಬಹಳಷ್ಟು ಮುರದವು. ಪ್ರತಿ ಕಾಳೂ ಬ್ಯಾಳಿ ಮಾಡಿ ಬೆಳಕಿಗಿ ಹಿಡದು ನೋಡಿದಾಕಿ ಯಾರು ಗೊತ್ತೇನು? ನಮ್ಮ ಅತ್ತಿ. ಕಾಂತಕ್ಕನೂ ಅಷ್ಟು ನೋಡ್ತಿದ್ದಿಲ್ಲ. "ಸಾಕು ಬಿಡ್ರಿ ಫಕೀರವ್ವಾರ, ನಮ್ಮ ಧರ್ಮಕ್ಕ ಬಂದುಬಿಟ್ಟೀರಿ" ಅಂತ ಕಾಂತಕ್ಕ ಚ್ಯಾಷ್ಟಿ ಮಾಡಿದಳು. ಆವತ್ತು ಮೂವರೂ ನಕ್ಕಿದ್ದು ಈಗೂ ಕಿವ್ಯಾಗ ಐತಿ.

ರೈಲಿನಾಗ ಖಾನಾಪುರಕ್ಕ ಹೋದಿವಿ. ಮಲಪ್ರಭಾ ಕೆಂಪಗ ತುಂಬಿ ಹರೀತಿತ್ತು. ಅತ್ತಿ ಬುತ್ತಿ ಡಬ್ಬಿ ತೊಡಿ ಮ್ಯಾಲ ಇಟ್ಕೊಂಡು ಯಾರಿಗೂ ಮುಟ್ಟಗೊಡಲಿಲ್ಲ. ನೀಲಾ ಹಸರ ಸೀರಿ ಉಟ್ಟು, ಹಸರ ಬಳಿ ಇಟ್ಟು ಕುಂತಿದ್ದಳು, ಹೊಟ್ಟಿ ಗುಂಡಗ, ಮಾರಿ ಮ್ಯಾಲ ಅಂಜಿಕಿ ಇನ್ನೂ ಇತ್ತು. ಅತ್ತಿ ಉಂಡಿ ತಗದು ತನ್ನ ಕೈಲೆ ಬಾಯಿಗಿ ಇಟ್ಟಳು. ನೀಲಾ ಅಗದು, "ಯವ್ವಾ, ಇಡೀ ಕಾಳಿನ ಉಂಡಿ ಮಾಡ್ತೀನಿ ಅಂದಿದ್ದಿ, ಎಲ್ಲಾ ಮುರಕ ಅದಾವಲ್ಲ" ಅಂತ ನಕ್ಕಳು.

"ಮುರಕ ಇರ್ಲಿ ತಿನ್ನು ನನ್ನ ಮಗಳ. ಒಣಗಿದ ಕಾಳು ಮುರೀತಾವು" ಅಂದಳು ಅತ್ತಿ.

ಚೀಲದ ಸುದ್ದಿ ನೀಲಾಗ ನಾವು ಯಾರೂ ಹೇಳಲಿಲ್ಲ. ಹಡ್ಯಾಕ ಹಳ್ಳಿಗಿ ಬಂದಳು. ದೀಪಾವಳಿ ಹತ್ತಿರ ಕೂಸು ಹುಟ್ಟಿತು, ಹೆಣ್ಣು, ಊರು ಎಬ್ಬಿಸೂವಂಗ ಅಳೂ ಕೂಸು. ನೋಡಾಕ ಕಾಂತಕ್ಕ ಅಣ್ಣಾರ ಜೋಡಿ ಬಂದಿದ್ದಳು. ಅಂಗಳದಾಗ ಹೊಸ ಶೇಂಗಾ ಬಿಸಲಿಗಿ ಹರವಿತ್ತು, ಬಿಸಲು ಆವಾಗ ಎಷ್ಟು ಬಂಗಾರದಂಗ ಇರ್ತಿತ್ತು ಅಂತೀರಿ. ಅತ್ತಿ ಕಾಂತಕ್ಕನ ಚೀಲ ತುಂಬಾಕ ಕುಂತಳು. ಒಂದು ಕಾಯಿ ತಗದು ತನ್ನ ಕಿವಿ ಹತ್ರ ಅಳ್ಳಾಡಿಸಿದಳು. ಆಮ್ಯಾಲೆ ಕಾಂತಕ್ಕನ ಕಿವಿ ಹತ್ರ. ಕಾಂತಕ್ಕ ಹೂಂ ಅಂದಳು.

ಹೊರಸಿನ ಮ್ಯಾಲ ಕೂಸು ಅಳಾಕತ್ತಿತ್ತು. ಅತ್ತಿ ಹೋಗಿ ಅದರ ಕಿವಿ ಹತ್ರನೂ ಆ ಕಾಯಿ ಹಿಡದು ಗಲಗಲ ಮಾಡಿದಳು. ಕೂಸು ಅಳೂದು ನಿಲ್ಲಿಸಿ ಕಣ್ಣು ಅಗಲ ಮಾಡಿ ಕೇಳಿತು.

"ಕೇಳಿದಿ? ಒಣಗೇತಿ" ಅಂದಳು ಅತ್ತಿ.